ಊಟಕ್ಕೆ ಮುಂಚಿನ ಅರ್ಧ ಗಂಟೆ

ಹೊಸಪೇಟೆಯಲ್ಲಿ ಸಂಜೆಯಾಗುತ್ತಲೇ ರಸ್ತೆ ಬದಿಯ ಗಾಡಿಗಳಲ್ಲಿ ಎಣ್ಣೆ ಕಾಯತೊಡಗುತ್ತದೆ. ಒಗ್ಗರಣೆ ಮಂಡಕ್ಕಿ, ಜೊತೆಗೆ ಎರಡು ಮೆಣಸಿನಕಾಯಿ ಬಜ್ಜಿ, ಮೇಲೊಂದು ಚಹಾ. ಆಮೇಲೆ ಮನೆಯಲ್ಲಿ ರಾತ್ರಿಯ ಊಟ. ಅದೂ ಮುಗಿದ ಮೇಲೆ ಔಷಧಿ ಅಂಗಡಿಯ ಕಟ್ಟೆ ಹತ್ತುವವರಲ್ಲಿ ಒಬ್ಬರಾದರೂ ಕೇಳುವ ಮಾತು ಈ ಸೀಮೆಯವರಿಗೆಲ್ಲ ಗೊತ್ತು: “ಅಣ್ಣಾ, ಗ್ಯಾಸಿಂದು ಒಂದು ಗುಳಿಗಿ ಕೊಡ್ರಿ, ಎದಿ ಉರಿಯಾಕತ್ತೈತಿ.”

ಅಂಗಡಿಯವರು ಹೆಚ್ಚು ವಿಚಾರಿಸುವುದಿಲ್ಲ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂನ ಒಂದು ಗುಳಿಗೆ ಕೈಗೆ ಬರುತ್ತದೆ. ಗಿರಾಕಿ ಅಲ್ಲೇ ನೀರು ಕುಡಿದು ನುಂಗುತ್ತಾನೆ, ಇನ್ನು ಉರಿ ಇಳಿಯುತ್ತದೆಂದು ನಂಬಿ ಮನೆಗೆ ಹೋಗುತ್ತಾನೆ.

ಗುಳಿಗೆ ಒಳ್ಳೆಯದೇ. ಕಳೆದ ಐವತ್ತು ವರ್ಷಗಳಲ್ಲಿ ಹೊಟ್ಟೆಯ ಕಾಯಿಲೆಗಳಿಗೆ ಬಂದ ಮದ್ದುಗಳಲ್ಲಿ ಇದರಷ್ಟು ಜಾಣತನದಿಂದ ಕೆಲಸ ಮಾಡುವುದು ಬೇರೆ ಇಲ್ಲವೆಂದೇ ನಾನು ಹೇಳುತ್ತೇನೆ. ಆದರೆ ನುಂಗಿದ ಹೊತ್ತು ತಪ್ಪು. ಆ ರಾತ್ರಿಯ ಉರಿಯ ಮೇಲೆ ಆ ಗುಳಿಗೆಯ ಪ್ರಭಾವ ಬಹಳ ಕಡಿಮೆ. ಯಾಕೆಂದು ತಿಳಿಯಬೇಕಾದರೆ ಜಠರದ ಗೋಡೆಯೊಳಗೆ ಇಳಿದು, ಆಮ್ಲ ಹುಟ್ಟುವ ಜಾಗವನ್ನೇ ನೋಡಬೇಕು.

ಆಮ್ಲ ಹುಟ್ಟುವ ಕೋಶ

ಜಠರದ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1820ರ ದಶಕದಲ್ಲಿ ತೋರಿಸಿದಾಗ ಹಲವರಿಗೆ ನಂಬಲು ಕಷ್ಟವಾಯಿತು. ಲೋಹವನ್ನೇ ಕರಗಿಸುವ ಖನಿಜಾಮ್ಲವನ್ನು ಜೀವಂತ ಮಾಂಸ ತಯಾರಿಸುವುದು ಹೇಗೆ? ಉತ್ತರ ಜಠರದ ಮೇಲುಭಾಗದ ಮತ್ತು ನಡುಭಾಗದ ಒಳಪದರದಲ್ಲಿದೆ. ಅಲ್ಲಿ ಸೂಕ್ಷ್ಮ ಗುಂಡಿಗಳಂಥ ಗ್ರಂಥಿಗಳಿವೆ. ಅವುಗಳ ಗೋಡೆಯಲ್ಲಿ ಕೂತಿರುವ ದಪ್ಪನೆಯ ತ್ರಿಕೋನಾಕಾರದ ಕೋಶಗಳಿಗೆ ಪೆರೈಟಲ್ ಕೋಶ ಎಂದು ಹೆಸರು. ವಯಸ್ಕರ ಜಠರದಲ್ಲಿ ಇಂಥವು ಸುಮಾರು ನೂರು ಕೋಟಿ ಇರುತ್ತವೆ.

ಈ ಕೋಶ ಆಮ್ಲವನ್ನು ತನ್ನ ಹೊಟ್ಟೆಯಲ್ಲಿ ತುಂಬಿಟ್ಟುಕೊಳ್ಳುವುದಿಲ್ಲ. ತುಂಬಿಟ್ಟುಕೊಂಡರೆ ಅದೇ ಸತ್ತುಹೋಗುತ್ತದೆ. ಅದು ಮಾಡುವುದು ಬೇರೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ನೆರವಿನಿಂದ ಕೂಡಿಸುತ್ತದೆ. ಅದರಿಂದ ಒಂದು ಹೈಡ್ರೋಜನ್ ಅಯಾನು, ಒಂದು ಬೈಕಾರ್ಬನೇಟ್ ಹುಟ್ಟುತ್ತವೆ. ಈ ಹೈಡ್ರೋಜನ್ ಅಯಾನನ್ನೇ ವಿಜ್ಞಾನಿಗಳು ಪ್ರೋಟಾನ್ ಎನ್ನುತ್ತಾರೆ, ಆಮ್ಲದ ಹುಳಿಯೆಲ್ಲ ಇದರದ್ದೇ. ಪ್ರೋಟಾನನ್ನು ಕೋಶ ಒಂದು ಕಡೆಯಿಂದ ಜಠರದತ್ತ ತಳ್ಳುತ್ತದೆ. ಬೈಕಾರ್ಬನೇಟನ್ನು ಇನ್ನೊಂದು ಕಡೆಯಿಂದ ರಕ್ತಕ್ಕೆ ಬಿಟ್ಟು, ಬದಲಿಗೆ ಕ್ಲೋರೈಡ್ ಪಡೆಯುತ್ತದೆ. ಆ ಕ್ಲೋರೈಡೂ ಬೇರೊಂದು ದಾರಿಯಿಂದ ಜಠರದತ್ತ ಹರಿದು ಹೊರಗೆ ಪ್ರೋಟಾನನ್ನು ಕೂಡಿಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಪೂರ್ತಿಯಾಗುವುದು ಕೋಶದ ಹೊರಗಡೆ.

ರಕ್ತಕ್ಕೆ ಬಿಟ್ಟ ಬೈಕಾರ್ಬನೇಟ್ ಕೂಡ ವ್ಯರ್ಥವಾಗುವುದಿಲ್ಲ. ಗ್ರಂಥಿಯ ಪಕ್ಕದ ರಕ್ತನಾಳಗಳು ಅದನ್ನು ಮೇಲಕ್ಕೆ, ಜಠರದ ಒಳಮೈಯನ್ನು ಹೊದ್ದಿರುವ ಲೋಳೆಯ ಕೋಶಗಳ ಬಳಿಗೆ ಒಯ್ಯುತ್ತವೆ. ಆ ಕೋಶಗಳು ಅದನ್ನು ಲೋಳೆಯೊಳಗೆ ಸೇರಿಸುತ್ತವೆ, ಅಲ್ಲಿಗೆ ನುಗ್ಗುವ ಆಮ್ಲ ದಾರಿಯಲ್ಲೇ ಶಮನವಾಗುತ್ತದೆ. ಆಮ್ಲ ಹೆಚ್ಚು ಹುಟ್ಟಿದಷ್ಟೂ ಅದರಿಂದ ಕಾಯುವ ಕ್ಷಾರವೂ ಹೆಚ್ಚು ಹುಟ್ಟುತ್ತದೆ. ಜಠರ ತನ್ನನ್ನೇ ಜೀರ್ಣಿಸಿಕೊಳ್ಳದಿರಲು ಇದು ಒಂದು ಮುಖ್ಯ ಕಾರಣ. ಅನ್ನನಾಳಕ್ಕೆ ಇಂಥ ರಕ್ಷಣೆ ಇಲ್ಲ. ಅದಕ್ಕೇ ಜಠರದಲ್ಲಿ ತಣ್ಣಗಿದ್ದ ಅದೇ ರಸ ಮೇಲಕ್ಕೆ ನುಗ್ಗಿದಾಗ ಎದೆ ಉರಿಯುತ್ತದೆ.

ಕಂಪ್ಲಿಯ ಪಂಪುಗಳು

ಈಗ ಮುಖ್ಯ ಪ್ರಶ್ನೆ. ಕೋಶದೊಳಗೆ ರಸದ ಪಿಎಚ್ ಏಳರ ಆಸುಪಾಸು, ಹೊರಗೆ ಸುಮಾರು ಒಂದು. ಎಂದರೆ ಒಳಗಿರುವುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚು ಪ್ರೋಟಾನುಗಳು ಹೊರಗೆ ಕಿಕ್ಕಿರಿದಿವೆ. ಆ ಗುಂಪಿನೊಳಕ್ಕೆ ಮತ್ತೊಂದನ್ನು ನೂಕುವುದು ಸುಮ್ಮನೆ ಆಗುವ ಕೆಲಸವಲ್ಲ, ಶಕ್ತಿ ಬೇಕು. ಪೆರೈಟಲ್ ಕೋಶದ ಒಳಜಾಗದಲ್ಲಿ ಮೂರನೇ ಒಂದು ಭಾಗದಷ್ಟನ್ನು ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೇ ತುಂಬಿವೆ. ಆ ಶಕ್ತಿಯನ್ನು ಉರಿಸಿ ಪ್ರೋಟಾನನ್ನು ಹೊರಗೆತ್ತುವ ಪ್ರೋಟೀನೇ ಪ್ರೋಟಾನ್ ಪಂಪ್. ಪ್ರತಿ ಪ್ರೋಟಾನನ್ನು ಹೊರಗೆ ಹಾಕುವಾಗ ಅದು ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಪೊಟ್ಯಾಸಿಯಂ ಮತ್ತೆ ಪಕ್ಕದ ದಾರಿಯಿಂದ ಹೊರಗೆ ಸೋರಿ ಮುಂದಿನ ಸರದಿಗೆ ಸಿದ್ಧವಾಗುತ್ತದೆ.

ಕಂಪ್ಲಿಯ ಹೊಳೆದಂಡೆ ನೋಡಿದವರಿಗೆ ಮುಂದಿನ ಸಂಗತಿ ಸುಲಭವಾಗಿ ಹಿಡಿಸುತ್ತದೆ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟು ತುಂಗಭದ್ರೆ ಏರಿತೆಂದರೆ, ದಂಡೆಯ ರೈತರು ತಮ್ಮ ಮೋಟಾರುಗಳನ್ನು ಕಳಚಿ ಮೇಲಕ್ಕೆ ಸಾಗಿಸುತ್ತಾರೆ. ಹೊಳೆ ಇಳಿದು ಗದ್ದೆಗೆ ನೀರು ಬೇಕಾದಾಗ ಮತ್ತೆ ಕೆಳಗೆ ತಂದು ಜೋಡಿಸುತ್ತಾರೆ. ಮೋಟಾರು ಮೇಲೆ ಶೆಡ್ಡಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಪೆರೈಟಲ್ ಕೋಶವೂ ಹೀಗೇ ನಡೆದುಕೊಳ್ಳುತ್ತದೆ. ಹೊಟ್ಟೆ ಖಾಲಿ ಇರುವಾಗ ಬಹುಪಾಲು ಪಂಪುಗಳು ಕೋಶದೊಳಗಿನ ಸಣ್ಣ ಚೀಲಗಳಲ್ಲಿ ಮಡಚಿ ಕೂತಿರುತ್ತವೆ. ಅಲ್ಲಿ ಅವಕ್ಕೆ ಪೊಟ್ಯಾಸಿಯಂ ಸಿಗುವುದಿಲ್ಲ, ಆದ್ದರಿಂದ ಓಡುವುದಿಲ್ಲ. ಊಟದ ಸುಳಿವು ಸಿಕ್ಕೊಡನೆ ಆ ಚೀಲಗಳು ಕೋಶದೊಳಗೆ ಕೊರೆದಂತಿರುವ ಕಿರುಗಾಲುವೆಗಳ ಗೋಡೆಗೆ ಬಂದು ಕೂಡಿಕೊಳ್ಳುತ್ತವೆ. ಕಾಲುವೆಯ ಗೋಡೆ ಹಲವು ಪಟ್ಟು ಹಿಗ್ಗುತ್ತದೆ, ಪಂಪುಗಳು ದಂಡೆಗೆ ಇಳಿಯುತ್ತವೆ, ಆಮ್ಲ ಹರಿಯುತ್ತದೆ. ಊಟ ಕರಗಿದ ಮೇಲೆ ಮತ್ತೆ ಒಳಕ್ಕೆ. ಕಾಲುವೆಗಳ ಈ ರೂಪಾಂತರವನ್ನು ಇಟಲಿಯ ಕ್ಯಾಮಿಲೊ ಗಾಲ್ಜಿ 1893ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದಲ್ಲಿ ಗುರುತಿಸಿ ಬರೆದಿದ್ದರು.

ಪಂಪುಗಳನ್ನು ಇಳಿಸಿ ಎಂದು ಹೇಳುವವರು ಮೂವರು. ಊಟದ ವಾಸನೆ, ರುಚಿ, ನೆನಪು ಸಾಕು, ಮೆದುಳಿನಿಂದ ವೇಗಸ್ ನರ ಅಸಿಟೈಲ್‌ಕೋಲಿನ್ ಸುರಿಸುತ್ತದೆ. ಆಹಾರ ಜಠರದೊಳಗೆ ಬಿದ್ದು, ಅದರ ಪ್ರೋಟೀನ್ ತುಣುಕುಗಳು ಜಠರದ ಕೆಳಭಾಗವನ್ನು ಮುಟ್ಟಿದಾಗ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಇವೆರಡೂ ಪಕ್ಕದ ಇನ್ನೊಂದು ಬಗೆಯ ಕೋಶಗಳನ್ನು ಎಚ್ಚರಿಸಿದಾಗ ಅವು ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ. ಪೆರೈಟಲ್ ಕೋಶಕ್ಕೆ ಅತಿ ಜೋರಾಗಿ ಕೇಳಿಸುವ ಕೂಗು ಹಿಸ್ಟಮಿನ್‌ನದ್ದು. ಆಮ್ಲ ಸಾಕಷ್ಟಾದಾಗ ಆ ಹುಳಿಯೇ ಗ್ಯಾಸ್ಟ್ರಿನ್ನನ್ನು ತಡೆದು ನಿಲ್ಲಿಸುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎದೆಯುರಿಗೆ ತಣ್ಣನೆ ಹಾಲು ಕುಡಿಯುವ ರೂಢಿ ನಮ್ಮ ಕಡೆ ಇದೆ. ಹಾಲು ಇದ್ದ ಹುಳಿಯನ್ನು ಸ್ವಲ್ಪ ಹೊತ್ತು ತಗ್ಗಿಸುವುದು ನಿಜ. ಆದರೆ ಹಾಲಿನಲ್ಲಿ ಪ್ರೋಟೀನೂ ಕ್ಯಾಲ್ಸಿಯಮ್ಮೂ ಇವೆ, ಅವು ಆಮ್ಲ ಸ್ರವಿಸಲು ಹೊಸದಾಗಿ ಪ್ರೇರಣೆ ಕೊಡುತ್ತವೆ. ಇನ್ನು ಮೆಣಸಿನಕಾಯಿಯ ಖಾರವನ್ನು ಆಮ್ಲವೆಂದು ತಿಳಿಯುವವರಿದ್ದಾರೆ. ಖಾರದ ಕ್ಯಾಪ್ಸೈಸಿನ್ ನೇರವಾಗಿ ನೋವಿನ ನರಗಳನ್ನು ಕೆಣಕುತ್ತದೆ, ಬೆಂಕಿ ತಗುಲಿದಂತೆ ಅನ್ನಿಸುತ್ತದೆ, ಅದಕ್ಕೂ ಪಂಪುಗಳಿಗೂ ಸಂಬಂಧ ಕಡಿಮೆ. ಬಜ್ಜಿಯ ಎಣ್ಣೆ ಮಾಡುವ ಉಪದ್ರವವೇ ಬೇರೆ. ಜಿಡ್ಡು ಹೆಚ್ಚಾದರೆ ಜಠರ ಖಾಲಿಯಾಗುವುದು ತಡವಾಗುತ್ತದೆ, ಅನ್ನನಾಳದ ಕೆಳಬಾಯಿಯ ಬಿಗಿ ಸಡಿಲವಾಗುತ್ತದೆ, ಆಮೇಲೆ ಮಲಗಿದರೆ ರಸ ಮೇಲಕ್ಕೆ ಬರಲು ದಾರಿ ಸಲೀಸು.

ಕತ್ತಿಯಿಂದ ಗುಳಿಗೆಗೆ

ಆಮ್ಲವನ್ನು ಬಲವಾಗಿ ತಗ್ಗಿಸುವ ಮದ್ದುಗಳು ಬರುವ ಮುಂಚೆ ವಾಸಿಯಾಗದ ಆಮ್ಲದ ಹುಣ್ಣಿಗೆ ಉಳಿದದ್ದು ಶಸ್ತ್ರಚಿಕಿತ್ಸೆ. ವೇಗಸ್ ನರವನ್ನು ಕತ್ತರಿಸಿ ಆಮ್ಲದ ಕೂಗನ್ನು ಅಡಗಿಸುವುದು, ಜಠರವನ್ನು ಸಣ್ಣ ಕರುಳಿಗೆ ನೇರ ಜೋಡಿಸಿ ಹೊಸ ದಾರಿ ಮಾಡುವುದು. ಹೊಟ್ಟೆಯ ನಡುವೆ ಉದ್ದನೆಯ ಗಾಯದ ಗುರುತು ಹೊತ್ತ ಹಿರಿಯರು ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೊವೆ ಇಂಥ ರೋಗಿಗಳನ್ನು ವರ್ಷಗಟ್ಟಲೆ ನೋಡಿದವರು. ದೇಶದ ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಸಣ್ಣ ಕರುಳಿನ ಆರಂಭದ ಹುಣ್ಣು ಗೋಧಿ ಉಣ್ಣುವ ಉತ್ತರಕ್ಕಿಂತ ಹೆಚ್ಚೆಂಬುದನ್ನು ಅವರು ಗಮನಿಸಿ, 1979ರಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ಹುಣ್ಣಿನ ಬಗ್ಗೆ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ಆಹಾರದಲ್ಲೇ ರಕ್ಷಕ ಅಂಶವೊಂದಿದೆ ಎಂಬುದು ಅವರ ಎಣಿಕೆ. ಮೂರೇ ವರ್ಷಕ್ಕೆ, 1982ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದ ಲೋಳೆಯಲ್ಲಿ ಬದುಕುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಹುಣ್ಣಿನ ಕಥೆಯ ದಿಕ್ಕೇ ಬದಲಾಯಿತು. ಈಗ ಆ ಬ್ಯಾಕ್ಟೀರಿಯಾ ಇದ್ದರೆ ಆ್ಯಂಟಿಬಯೋಟಿಕ್ ಜೊತೆಗೆ ಪಂಪಿನ ಗುಳಿಗೆಯನ್ನೂ ಕೊಡುತ್ತಾರೆ, ಚಾಕು ಬೇಕಾಗುವುದು ಅಪರೂಪ.

ಪಂಪು ಸಿಕ್ಕಿದ್ದು ಅದಕ್ಕೂ ಮುಂಚೆ. 1973ರಲ್ಲಿ ಅಮೆರಿಕದಲ್ಲಿ ಗ್ಯಾನ್ಸರ್ ಮತ್ತು ಫೋರ್ಟ್ ಕಪ್ಪೆಯ ಜಠರದಲ್ಲಿ ಪೊಟ್ಯಾಸಿಯಂ ಸಿಕ್ಕರೆ ಚುರುಕಾಗುವ ಕಿಣ್ವವೊಂದನ್ನು ಕಂಡರು. ಜಾರ್ಜ್ ಸ್ಯಾಕ್ಸ್‌ರ ತಂಡ ಹಂದಿಯ ಜಠರದಲ್ಲಿ ಅದು ಪ್ರೋಟಾನ್ ಕೊಟ್ಟು ಪೊಟ್ಯಾಸಿಯಂ ಪಡೆಯುವುದನ್ನು ತೋರಿಸಿತು. ಅದೇ ಹೊತ್ತಿಗೆ ಸ್ವೀಡನ್ನಿನ ಹೆಸ್ಲೆ ಕಂಪನಿಯ ರಸಾಯನಶಾಸ್ತ್ರಜ್ಞರ ಕೈಯಲ್ಲಿ ಆಮ್ಲ ತಗ್ಗಿಸುವ ವಸ್ತುವೊಂದಿತ್ತು, ಆದರೆ ಅದು ಎಲ್ಲಿ ಹೋಗಿ ಹಿಡಿಯುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಮೊದಲಿನ ಟಿಮೊಪ್ರಜೋಲ್ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದನ್ನೂ ತಡೆಯುತ್ತಿತ್ತು. ತಿದ್ದಿ ತಿದ್ದಿ 1979ರಲ್ಲಿ ಒಮೆಪ್ರಜೋಲ್ ಸಿಕ್ಕಿತು. ಅದು ಹಿಡಿಯುವುದು ಸ್ಯಾಕ್ಸ್ ಹೇಳುತ್ತಿದ್ದ ಪಂಪನ್ನೇ ಎಂದು ಮುಂದೆ ಖಚಿತವಾಯಿತು. 1984ರಲ್ಲಿ ಪ್ರಯೋಗಗಳು ನಿಂತೇಬಿಟ್ಟವು: ಬಾಳಿನುದ್ದಕ್ಕೂ ಭಾರಿ ಪ್ರಮಾಣ ಕೊಟ್ಟ ಇಲಿಗಳ ಜಠರದಲ್ಲಿ ಗಡ್ಡೆಗಳು ಕಂಡಿದ್ದವು. ಕಾರಣ ಮದ್ದಿನ ವಿಷವಲ್ಲ, ಆಮ್ಲ ಪೂರ್ತಿ ನಿಂತಾಗ ಏರಿಬಿಟ್ಟ ಗ್ಯಾಸ್ಟ್ರಿನ್ ಎಂದು ತಿಳಿದ ಮೇಲೆ ಕೆಲಸ ಮುಂದುವರಿಯಿತು. 1988ರಲ್ಲಿ ಮದ್ದು ಮಾರುಕಟ್ಟೆಗೆ ಬಂತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಈಸೊಮೆಪ್ರಜೋಲ್ ಎಲ್ಲ ಅದರ ಒಡಹುಟ್ಟಿದವು.

ಗುಳಿಗೆಯ ಪಯಣ

ಈ ಗುಳಿಗೆಯ ವಿಚಿತ್ರವೆಂದರೆ, ನುಂಗಿದಾಗ ಅದರೊಳಗೆ ಇರುವುದು ಮದ್ದಲ್ಲ, ಮದ್ದಾಗಬಲ್ಲ ಒಂದು ವಸ್ತು. ಆಮ್ಲ ತಗುಲಿದರೆ ಅದು ರೂಪ ಬದಲಿಸಿ ಮದ್ದಾಗುತ್ತದೆ, ಆದರೆ ಹಾಗೆ ಬದಲಾದ ರೂಪ ಬಹಳ ಹೊತ್ತು ಉಳಿಯುವುದಿಲ್ಲ. ಜಠರದ ಬಯಲಿನಲ್ಲೇ ಬದಲಾಗಿಬಿಟ್ಟರೆ ಗುರಿ ಮುಟ್ಟುವ ಮುಂಚೆ ಹಾಳಾಗುತ್ತದೆ. ಅದಕ್ಕಾಗಿ ಗುಳಿಗೆಯ ಮೇಲೆ ಆಮ್ಲಕ್ಕೆ ಕರಗದ ಲೇಪವಿದೆ, ಕ್ಯಾಪ್ಸೂಲಾದರೆ ಒಳಗಿನ ಒಂದೊಂದು ಕಾಳಿಗೂ ಇದೆ. ಜಠರವನ್ನು ದಾಟಿ ಸಣ್ಣ ಕರುಳಿಗೆ ಹೋದಾಗ ಮಾತ್ರ ಲೇಪ ಕರಗುತ್ತದೆ. ಈ ಗುಳಿಗೆಯನ್ನು ಅಗಿಯಬಾರದು, ಪುಡಿ ಮಾಡಬಾರದು, ಅರ್ಧ ಮುರಿಯಬಾರದು ಎನ್ನುವುದು ಇದಕ್ಕೇ. ಮುದುಕರಿಗೆ ನುಂಗಲಾಗದೆಂದು ಮನೆಯಲ್ಲಿ ಕುಟ್ಟಿ ನೀರಿಗೆ ಹಾಕಿ ಕುಡಿಸಿದರೆ ಮದ್ದಿನ ಬಹುಪಾಲು ಜಠರದಲ್ಲೇ ನಷ್ಟವಾಗುತ್ತದೆ.

ಕರುಳಿನಿಂದ ಅದು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ರಕ್ತದಲ್ಲಿ ಅದು ತಟಸ್ಥ, ಯಾವ ಗೋಡೆಯನ್ನಾದರೂ ದಾಟಿ ಆಚೆ ಹೋಗಬಲ್ಲದು, ಮತ್ತೆ ಈಚೆ ಬರಬಲ್ಲದು. ಪಿಎಚ್ ಸುಮಾರು ನಾಲ್ಕಕ್ಕಿಂತ ಕೆಳಗಿರುವ ಜಾಗಕ್ಕೆ ಹೊಕ್ಕರೆ ಮಾತ್ರ ಅದಕ್ಕೊಂದು ಪ್ರೋಟಾನ್ ಅಂಟಿಕೊಂಡು ವಿದ್ಯುತ್ ಅಂಶ ಬರುತ್ತದೆ, ಆಮೇಲೆ ಗೋಡೆ ದಾಟಿ ಹಿಂದಿರುಗಲು ಆಗುವುದಿಲ್ಲ. ಮನುಷ್ಯನ ಮೈಯಲ್ಲಿ ರಕ್ತದ ಮೂಲಕ ತಲುಪಬಹುದಾದ ಅಷ್ಟು ಹುಳಿಯ ತಾಣ ಒಂದೇ: ಆಮ್ಲ ಸುರಿಸುತ್ತಿರುವ ಪೆರೈಟಲ್ ಕೋಶದ ಕಿರುಗಾಲುವೆ. ಮದ್ದು ಅಲ್ಲಿ ಸಿಕ್ಕಿಬಿದ್ದು ರಕ್ತದಲ್ಲಿರುವುದಕ್ಕಿಂತ ಸಾವಿರ ಪಟ್ಟು ಒತ್ತಾಗಿ ಶೇಖರವಾಗುತ್ತದೆ. ಹುಳಿ ಅದರ ಅಣುವನ್ನು ತಿರುಚಿ ಹೊಸ ರೂಪ ಕೊಡುತ್ತದೆ. ಈ ಹೊಸ ರೂಪಕ್ಕೆ ಗಂಧಕದ ಕೈಯೊಂದಿದೆ. ಪಂಪಿನ ಪ್ರೋಟೀನ್ ಸರಪಳಿಯಲ್ಲಿ 813ನೇ ಸ್ಥಾನದಲ್ಲಿ ಕೂತಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೂ ಗಂಧಕದ ಕೈ ಇದೆ. ಎರಡು ಗಂಧಕಗಳು ಬೆಸೆದುಕೊಂಡ ಮೇಲೆ ಆ ಪಂಪು ಪ್ರಾಯಶಃ ಮತ್ತೆ ಓಡುವುದಿಲ್ಲ. ಕೋಶ ಹೊಸ ಪಂಪು ಕಟ್ಟಬೇಕು.

ಅಂದರೆ ಮದ್ದನ್ನು ಸಿದ್ಧಗೊಳಿಸುವುದು ಆ ಪಂಪು ಸುರಿಸಿದ ಆಮ್ಲವೇ. ಪಂಪು ಓಡದಿದ್ದರೆ ಕಾಲುವೆಯಲ್ಲಿ ಹುಳಿಯಿಲ್ಲ, ಹುಳಿಯಿಲ್ಲದಿದ್ದರೆ ಮದ್ದಿಲ್ಲ. ಶೆಡ್ಡಿನಲ್ಲಿರುವ ಮೋಟಾರಿಗೆ ಈ ಬೀಗ ಬೀಳುವುದಿಲ್ಲ, ದಂಡೆಗಿಳಿದು ಓಡುತ್ತಿರುವುದಕ್ಕೆ ಮಾತ್ರ ಬೀಳುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ರಕ್ತದಲ್ಲಿ ಈ ಮದ್ದಿನ ಆಯುಷ್ಯ ಬಹಳ ಕಡಿಮೆ. ಗಂಟೆ ಒಂದೂವರೆ ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಯಕೃತ್ತು ಅದನ್ನು ಒಡೆದು ಹಾಕುತ್ತದೆ. ಪಂಪುಗಳು ದಂಡೆಗಿಳಿಯುವ ಹೊತ್ತೂ ಮದ್ದು ರಕ್ತದಲ್ಲಿ ತುಂಬಿರುವ ಹೊತ್ತೂ ಕೂಡಿಬಂದರಷ್ಟೇ ಕೆಲಸ. ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಿ ಎಂದು ವೈದ್ಯರು ಹೇಳುವುದು ಈ ಎರಡನ್ನೂ ಒಂದೆಡೆ ತರುವುದಕ್ಕೆ. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಯ ಮೊದಲ ಊಟಕ್ಕೆ ದಂಡೆಗಿಳಿಯುವ ಪಂಪುಗಳೂ ಹೆಚ್ಚು.

ಸಂಡೂರಿನ ಲಾರಿ ಚಾಲಕನ ಲೆಕ್ಕ

ಸಂಡೂರಿನಿಂದ ಅದಿರು ತುಂಬಿಕೊಂಡು ಹೊರಡುವ ಒಬ್ಬ ಲಾರಿ ಚಾಲಕನನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ನಲವತ್ತರ ವಯಸ್ಸು. ಬೆಳಗ್ಗೆ ಬರೀ ಚಹಾ, ಮಧ್ಯಾಹ್ನ ಸಿಕ್ಕಾಗ ಊಟ, ರಾತ್ರಿ ಹತ್ತಕ್ಕೆ ಢಾಬಾದಲ್ಲಿ ಹೊಟ್ಟೆ ತುಂಬ ತಿಂದು ಕ್ಯಾಬಿನ್ನಿನಲ್ಲೇ ಮಲಗುತ್ತಾನೆ. ಮಲಗಿದೊಡನೆ ಎದೆಯುರಿ, ಬಾಯಿಗೆ ಹುಳಿ. ಎದ್ದು ಒಂದು ಗುಳಿಗೆ ನುಂಗುತ್ತಾನೆ.

ಅವನ ಜಠರದಲ್ಲಿ ಒಟ್ಟು 100 ಪಂಪುಗಳಿವೆ ಎಂದಿಟ್ಟುಕೊಳ್ಳೋಣ. ಒಳ್ಳೆಯ ಊಟಕ್ಕೆ ಅದರಲ್ಲಿ ಸುಮಾರು 70 ದಂಡೆಗಿಳಿಯುತ್ತವೆ. ಒಂದು ದಿನದಲ್ಲಿ ಕೋಶಗಳು ಸುಮಾರು 20 ಹೊಸ ಪಂಪು ಕಟ್ಟುತ್ತವೆ. ಅವನು ರಾತ್ರಿ ನುಂಗಿದ ಗುಳಿಗೆ ತುಂಬಿದ ಜಠರದಲ್ಲಿ ಸಿಕ್ಕಿಕೊಂಡಿದೆ, ಜಠರ ಖಾಲಿಯಾಗುವವರೆಗೆ ಕರುಳಿಗೆ ಇಳಿಯುವಂತಿಲ್ಲ. ಅದು ಕರಗಿ ರಕ್ತ ಸೇರುವಷ್ಟರಲ್ಲಿ ನಡುರಾತ್ರಿ ಕಳೆದಿದೆ, ಪಂಪುಗಳು ಶೆಡ್ಡಿಗೆ ಮರಳಿವೆ. ಓಡುತ್ತಿರುವುದು 10 ಮಾತ್ರ ಎನ್ನೋಣ, ಬೀಗ ಬೀಳುವುದು ಆ ಹತ್ತಕ್ಕೆ. ಉಳಿದದ್ದು 90. ಮರುದಿನದೊಳಗೆ ಕೋಶ ಆ ಹತ್ತನ್ನೂ ತುಂಬಿಕೊಳ್ಳುತ್ತದೆ. ತಿಂಗಳು ಪೂರ್ತಿ ಹೀಗೆ ನುಂಗಿದರೂ ಪರಿಸ್ಥಿತಿ ಹೆಚ್ಚು ಬದಲಾಗದು. ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಅವನು ಎರಡು ನುಂಗಲು ಶುರು ಮಾಡುತ್ತಾನೆ.

ಈಗ ಅದೇ ಗುಳಿಗೆಯನ್ನು ಬೆಳಗ್ಗೆ ಏಳಕ್ಕೆ ನುಂಗಿ ಏಳೂವರೆಗೆ ಇಡ್ಲಿಯೋ ರೊಟ್ಟಿಯೋ ತಿನ್ನಲಿ. 70 ಪಂಪುಗಳು ಇಳಿದಿವೆ, 70ಕ್ಕೂ ಬೀಗ. ಉಳಿದದ್ದು 30. ಮರುದಿನ ಬೆಳಗ್ಗೆ ಹೊಸ 20 ಸೇರಿ 50. ಎರಡನೇ ಗುಳಿಗೆಗೆ ಅದರಲ್ಲಿ 35 ಸಿಕ್ಕಿ ಉಳಿಯುವುದು 15, ಮೂರನೇ ಬೆಳಗ್ಗೆ 35. ಮೂರನೆಯ ಗುಳಿಗೆಯ ನಂತರ ಹತ್ತರ ಸುಮಾರಿಗೆ ಇಳಿದು, ನಾಲ್ಕನೇ ಬೆಳಗ್ಗೆ 30. ಇನ್ನು ಮುಂದೆ ಇಲ್ಲೇ ನಿಲ್ಲುತ್ತದೆ, ಕಟ್ಟುವುದೂ ಕೆಡುವುದೂ ಸಮವಾಗುತ್ತದೆ. ನಿಜವಾದ ಮೈ ಇಷ್ಟು ಚೊಕ್ಕಟವಾಗಿ ಲೆಕ್ಕಕ್ಕೆ ಸಿಗದು, ಯಕೃತ್ತು ಮದ್ದನ್ನು ಒಡೆಯುವ ವೇಗವೂ ಒಬ್ಬೊಬ್ಬರಲ್ಲಿ ಒಂದೊಂದು. ಆದರೂ ಈ ಲೆಕ್ಕದ ಆಕಾರ ಸರಿ. ಪ್ರಯೋಗಗಳಲ್ಲೂ ಮೂರರಿಂದ ಐದು ದಿನಕ್ಕೆ ಆಮ್ಲ ಸುಮಾರು ಮೂರನೇ ಎರಡು ಭಾಗ ಇಳಿದು ನಿಲ್ಲುವುದು ಕಂಡಿದೆ.

ಈ ಲೆಕ್ಕದಿಂದ ಎರಡು ಸಂಗತಿ ತಾನಾಗಿ ಹೊರಡುತ್ತವೆ. ಮೊದಲನೆಯದು, ಒಂದೇ ಗುಳಿಗೆಯಿಂದ ಅವತ್ತೇ ಪೂರ್ಣ ಗುಣ ಬರುವುದಿಲ್ಲ. ಈಗಿಂದೀಗ ಉರಿ ಇಳಿಯಬೇಕಾದರೆ ಇದ್ದ ಆಮ್ಲವನ್ನೇ ಶಮನ ಮಾಡುವ ಆ್ಯಂಟಾಸಿಡ್ ಬೇಕು, ಅದರ ಗುಣ ನಿಮಿಷಗಳಲ್ಲಿ ಗೊತ್ತಾಗುತ್ತದೆ, ಆದರೆ ಬಹಳ ಹೊತ್ತು ನಿಲ್ಲದು. ಎರಡನೆಯದು, ಆಮ್ಲ ಎಂದೂ ಪೂರ್ತಿ ನಿಲ್ಲುವುದಿಲ್ಲ. ರಾತ್ರಿಯ ಹೊತ್ತು ಹೊಸ ಪಂಪುಗಳು ಕೆಲಸಕ್ಕಿಳಿದು ಜಠರ ಮತ್ತೆ ಹುಳಿಯಾಗುವುದುಂಟು. ಅಂಥವರಿಗೆ ವೈದ್ಯರು ರಾತ್ರಿಯ ಊಟಕ್ಕೆ ಮುಂಚೆ ಇನ್ನೊಂದು ಗುಳಿಗೆ ಸೇರಿಸಬಹುದು, ಅಥವಾ ಮಲಗುವಾಗ ಹಿಸ್ಟಮಿನ್ ಕೂಗನ್ನು ತಡೆಯುವ ಫ್ಯಾಮೊಟಿಡಿನ್ ಕೊಡಬಹುದು. ಚಾಲಕನ ವಿಷಯದಲ್ಲಿ ಇನ್ನೂ ಸರಳ ದಾರಿ ಇದೆ: ಉಂಡ ಮೇಲೆ ಎರಡು ಮೂರು ಗಂಟೆ ಬಿಟ್ಟು ಮಲಗುವುದು, ತಲೆದೆಸೆಯನ್ನು ಎತ್ತರಿಸುವುದು.

ಅಂಗಡಿಯಲ್ಲಿ ಕೊಳ್ಳುವವರು ಪಟ್ಟಿಯ ಮೇಲಿನ ಹೆಸರಿನ ಕೊನೆಯಲ್ಲಿ ‘ಡಿ’ ಇದೆಯೇ ನೋಡಬೇಕು. ಅದರಲ್ಲಿ ಸಾಮಾನ್ಯವಾಗಿ ಡೊಂಪೆರಿಡೋನ್ ಎಂಬ ಬೇರೆ ಮದ್ದೂ ಇರುತ್ತದೆ. ಅದು ಪಂಪನ್ನು ಮುಟ್ಟುವುದಿಲ್ಲ, ವಾಂತಿ ತಡೆಯುತ್ತದೆ, ಜಠರವನ್ನು ಬೇಗ ಖಾಲಿ ಮಾಡಿಸುತ್ತದೆ. ಹೃದಯ ಬಡಿತದ ಲಯ ಕೆಡಿಸುವ ಸಾಧ್ಯತೆಯೂ ಅದಕ್ಕಿದೆ, ಮುಖ್ಯವಾಗಿ ವಯಸ್ಸಾದವರಲ್ಲಿ. ವೈದ್ಯರು ಬರೆಯದೆ ಅದನ್ನು ತಿಂಗಳುಗಟ್ಟಲೆ ನುಂಗುವುದು ಸರಿಯಲ್ಲ.

ಪಂಪು ಓಡಲಿ ಬಿಡಲಿ ಹಿಡಿಯುವ ಮದ್ದೂ ಬಂದಿದೆ. ವೊನೊಪ್ರಜಾನ್ ಎಂಬುದಕ್ಕೆ 2014ರಲ್ಲಿ ಜಪಾನಿನಲ್ಲಿ ಅನುಮತಿ ಸಿಕ್ಕಿತು, ಈಗ ಭಾರತದಲ್ಲೂ ದೊರೆಯುತ್ತದೆ. ಅದು ಪೊಟ್ಯಾಸಿಯಂ ಕೂರುವ ಜಾಗಕ್ಕೆ ಅಡ್ಡ ಬರುತ್ತದೆ, ಹುಳಿಯಿಂದ ರೂಪ ಬದಲಿಸಬೇಕಾಗಿಲ್ಲ, ಊಟದ ಹೊತ್ತಿಗೆ ಕಾಯಬೇಕಾಗಿಲ್ಲ, ಮೊದಲ ದಿನವೇ ಬಲವಾಗಿ ಹಿಡಿಯುತ್ತದೆ. ಆದರೆ ಅದು ಗ್ಯಾಸ್ಟ್ರಿನ್ನನ್ನು ಇನ್ನೂ ಹೆಚ್ಚು ಏರಿಸುತ್ತದೆ, ಹಳೆಯ ಗುಳಿಗೆಗಳಂತೆ ಮೂರು ದಶಕಗಳ ಅನುಭವ ಅದರ ಹಿಂದಿಲ್ಲ.

ಬಿಡುವಾಗ ಬರುವ ಉರಿ

ನಮ್ಮ ಚಾಲಕ ಆರು ತಿಂಗಳು ಸರಿಯಾದ ಹೊತ್ತಿಗೆ ನುಂಗಿದ, ಉರಿ ಹೋಯಿತು, ಒಂದು ದಿನ ಬಿಟ್ಟುಬಿಟ್ಟ. ಮುಂದಿನ ದಿನಗಳಲ್ಲಿ ಉರಿ ಮೊದಲಿಗಿಂತ ಜೋರಾಗಿ ಮರಳಿತು. ಈ ಗುಳಿಗೆ ಇಲ್ಲದೆ ನನ್ನ ಬಾಳಿಲ್ಲ ಎಂದು ಅವನು ತೀರ್ಮಾನಿಸಿದ. ಹೀಗೆ ತೀರ್ಮಾನಿಸಿ ಹತ್ತಾರು ವರ್ಷ ನುಂಗುತ್ತಿರುವವರು ಕಡಿಮೆಯಿಲ್ಲ. ನನಗೆ ಹೆಚ್ಚು ಕಳವಳ ತರುವ ಭಾಗ ಇದೇ.

ನಡೆದದ್ದೇನು? ಆಮ್ಲ ಸಾಕಷ್ಟಾದಾಗ ಹುಳಿಯೇ ಗ್ಯಾಸ್ಟ್ರಿನ್ನನ್ನು ತಡೆಯುತ್ತದೆ ಎಂದೆನಲ್ಲ, ಆರು ತಿಂಗಳು ಆ ತಡೆ ಸಡಿಲವಾಗಿತ್ತು. ಗ್ಯಾಸ್ಟ್ರಿನ್ ಏರಿತು. ಅದರ ಪ್ರಚೋದನೆಯಿಂದ ಹಿಸ್ಟಮಿನ್ ಕೊಡುವ ಕೋಶಗಳು ಬಲಿತವು. ಪಂಪುಗಳಿಗೆ ಬೀಗ ಇರುವವರೆಗೆ ಈ ಕೂಗಾಟ ಹೊರಗೆ ಗೊತ್ತಾಗಲಿಲ್ಲ. ಗುಳಿಗೆ ನಿಂತು ಕೆಲವು ದಿನಗಳಲ್ಲಿ ಹೊಸ ಪಂಪುಗಳು ತುಂಬಿಕೊಂಡಾಗ, ಅವುಗಳಿಗೆ ಕೇಳಿಸಿದ್ದು ಮೊದಲಿಗಿಂತ ಜೋರಾದ ಕೂಗು. ಆಮ್ಲ ಮೊದಲಿನ ಮಟ್ಟ ದಾಟಿ ಉಕ್ಕಿತು. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೊಟ್ಟೆಯ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಈಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ಆಮೇಲಿನ ನಾಲ್ಕು ವಾರಗಳಲ್ಲಿ ಅವರಲ್ಲಿ ಶೇ. 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿತು. ಬರೀ ಹುಸಿಗುಳಿಗೆ ನುಂಗಿದ್ದವರಲ್ಲಿ ಅದು ಶೇ. 15. ಕಾಯಿಲೆಯೇ ಇಲ್ಲದವರಿಗೆ ಗುಳಿಗೆ ಬಿಡುವುದರಿಂದಲೇ ಉರಿ ಬಂದಿತ್ತು.

ಹಾಗಾಗಿ ಬಿಟ್ಟ ಮೊದಲ ವಾರಗಳ ಉರಿಯನ್ನು ಹಳೆಯ ಕಾಯಿಲೆ ಮರಳಿದ ಪುರಾವೆಯೆಂದು ತಿಳಿಯಬಾರದು. ಗುಳಿಗೆ ಮುರಿಯದೆ ಅರ್ಧ ಪ್ರಮಾಣದ ಗುಳಿಗೆಗೆ ಇಳಿದು, ಆಮೇಲೆ ದಿನ ಬಿಟ್ಟು ದಿನ ನುಂಗಿ, ನಡುವೆ ಉರಿದಾಗ ಆ್ಯಂಟಾಸಿಡ್ ಕುಡಿದು ಇಳಿಸಿಕೊಳ್ಳುವ ಕ್ರಮವನ್ನು ವೈದ್ಯರು ಹೇಳಿಕೊಡುತ್ತಾರೆ. ಗ್ಯಾಸ್ಟ್ರಿನ್ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಎಲ್ಲರೂ ಬಿಡುವಂತಿಲ್ಲ. ಹುಣ್ಣಿನಿಂದ ರಕ್ತಸ್ರಾವವಾಗಿದ್ದು ಹೃದಯಕ್ಕಾಗಿ ಆಸ್ಪಿರಿನ್ ನುಂಗುತ್ತಿರುವವರು, ಅನ್ನನಾಳ ಆಮ್ಲದಿಂದ ತೀರಾ ಹಾಳಾದವರು, ಅನ್ನನಾಳದ ಒಳಪದರವೇ ಬದಲಾಗಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಅಪಾಯ.

ಕಾರಣವಿಲ್ಲದೆ ವರ್ಷಗಟ್ಟಲೆ ಮುಂದುವರಿಸಿದರೂ ಬೆಲೆ ಇದೆ. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು. ಎರಡು ವರ್ಷಕ್ಕೂ ಹೆಚ್ಚು ನುಂಗಿದವರಲ್ಲಿ ಬಿ12 ಕೊರತೆ ಹೆಚ್ಚಾಗಿ ಕಂಡಿದೆ. ಸಸ್ಯಾಹಾರಿ ಮನೆಗಳಲ್ಲಿ ಅದು ಮೊದಲೇ ಕಡಿಮೆ, ಕಾಲು ಜುಮುಗುಡುವುದು, ನೆನಪು ಮಸುಕಾಗುವುದು ಇದರಿಂದಲೂ ಇರಬಹುದು. ಸೊಪ್ಪು ಕಾಳುಗಳ ಕಬ್ಬಿಣ ಹೀರಲೂ ಹುಳಿ ಬೇಕು, ರಕ್ತಹೀನತೆಗೆ ಕಬ್ಬಿಣದ ಗುಳಿಗೆ ನುಂಗುವ ಹೆಣ್ಣುಮಕ್ಕಳು ಇದನ್ನು ವೈದ್ಯರಿಗೆ ತಿಳಿಸಬೇಕು. ಮೆಗ್ನೀಸಿಯಂ ಇಳಿಯುವುದು, ಅಪರೂಪಕ್ಕೆ ಮೂತ್ರಪಿಂಡದ ಉರಿಯೂತ ದಾಖಲಾಗಿವೆ. ಹೃದಯದ ಸ್ಟೆಂಟ್ ನಂತರ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್ ಸಲ್ಲದು, ಯಕೃತ್ತಿನಲ್ಲಿ ಕ್ಲೊಪಿಡೊಗ್ರೆಲ್ಲನ್ನು ಸಿದ್ಧಗೊಳಿಸುವ ಕಿಣ್ವಕ್ಕೇ ಅದು ಅಡ್ಡಿ. ಅಂಥವರಿಗೆ ಪ್ಯಾಂಟೊಪ್ರಜೋಲ್ ವಾಸಿ.

ಹೊತ್ತು ಸರಿಯಾಗಿದ್ದು ಎಂಟು ವಾರ ನುಂಗಿದರೂ ಗುಣ ಕಾಣದಿದ್ದರೆ ಉರಿ ಪಂಪಿನದ್ದಲ್ಲದಿರಬಹುದು. ನುಂಗುವಾಗ ಆಹಾರ ಸಿಕ್ಕಿಕೊಳ್ಳುವುದು, ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಎಂಟು ವಾರ ಕಾಯಲೂಬಾರದು, ಎಂಡೋಸ್ಕೋಪಿ ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದು ಹೃದಯದ ಬಗ್ಗೆ. ಎದೆಯ ನಡುವೆ ಭಾರ ಇಟ್ಟಂತೆ ಒತ್ತಡ, ಬೆವರು, ಉಸಿರು ಕಟ್ಟುವುದು, ಎಡಗೈಗೋ ದವಡೆಗೋ ಹರಿಯುವ ನೋವು: ಇದನ್ನೂ “ಗ್ಯಾಸ್ ಆಗೈತಿ” ಎಂದು ತಳ್ಳಿಹಾಕಿ ಗುಳಿಗೆ ನುಂಗಿ ಮಲಗಿದವರ ಸುದ್ದಿ ಎಲ್ಲ ಊರುಗಳಲ್ಲೂ ಕೇಳುತ್ತೇವೆ. ಗುಳಿಗೆ ಕರುಳು ಸೇರಿ, ಪಂಪು ಹಿಡಿದು, ಆಮ್ಲ ಇಳಿಯುವುದಕ್ಕೆ ಗಂಟೆಗಳೇ ಬೇಕೆಂದು ಈಗ ಗೊತ್ತಾಯಿತಲ್ಲ. ನುಂಗಿದ ಹದಿನೈದು ನಿಮಿಷಕ್ಕೆ ನೋವು ತುಸು ಇಳಿದರೆ ಅದು ಗುಳಿಗೆಯ ಕೆಲಸವಾಗಿರಲು ಸಾಧ್ಯವೇ ಇಲ್ಲ, ಇಳಿಯಿತೆಂಬ ಕಾರಣಕ್ಕೆ ಅದು ಗ್ಯಾಸೇ ಆಗಿತ್ತೆಂದು ಹೇಳಲೂ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಔಷಧಿ ಅಂಗಡಿಯನ್ನು ಬಿಟ್ಟು ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಲಾರಿಯಲ್ಲಿದ್ದರೆ ಗಾಡಿ ಬದಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು.